ಇಂಗ್ಲೆಂಡಿನಲ್ಲಿರುವ ತಮ್ಮಂದಿರೇ, ಸಿಗರೇಟು ಬಿಡಲು ಸಹಾಯ ಕೇಳಿ

ಇಂಗ್ಲೆಂಡಿಗೆ ಕೆಲಸಕ್ಕೆ ಬಂದು, ಮನೆಯವರಿಗೆ ಗೊತ್ತಾಗದಂತೆ ಸಿಗರೇಟು ಸೇದುತ್ತಿರುವ ತಮ್ಮಂದಿರೇ, ತಂಗಿಯರೇ, ಈ ಮಾತು ನಿಮಗೆ. ಊರಲ್ಲಿ ಅಪ್ಪನ ಕಣ್ಣಿಗೆ ಹೆದರಿ ದಿನಕ್ಕೆ ಎರಡೋ ಮೂರೋ ಸೇದುತ್ತಿದ್ದವರು ಇಲ್ಲಿ ಹದಿನೈದಕ್ಕೆ ಮುಟ್ಟಿದ್ದೀರಿ. ಇಲ್ಲಿ ತಡೆಯುವವರಿಲ್ಲ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು, ಶಿಫ್ಟ್ ಮುಗಿಸಿ ಬಂದರೆ ಮಾತಿಗೆ ಜನವಿಲ್ಲ. ಬಿಡಬೇಕೆಂಬ ಆಸೆ ನಿಮಗೂ ಇದೆ. ಆದರೆ ಸಹಾಯ ಕೇಳಲು ನಾಚಿಕೆ, ಎಲ್ಲಾದರೂ ದಾಖಲಾಗಿ ವೀಸಾಕ್ಕೆ ತೊಂದರೆಯಾದೀತೆಂಬ ಅಂಜಿಕೆ. ಸಿಗರೇಟಿಗೂ ವೀಸಾಕ್ಕೂ ಸಂಬಂಧವೇ ಇಲ್ಲ. ಈ ಅಂಜಿಕೆಯನ್ನು ಇಂದೇ ಬಿಡಿ.

ಇಂಗ್ಲೆಂಡಿನ ಊರೂರಲ್ಲೂ ಧೂಮಪಾನ ಬಿಡಿಸುವ ಉಚಿತ ಸೇವೆ ಇದೆ. ನಡೆಸುವುದು ಸರ್ಕಾರದ ಹಣದಿಂದ, ಅಂದರೆ ನಿಮ್ಮ ಸಂಬಳದಿಂದ ಕಡಿತವಾಗುವ ತೆರಿಗೆಯೂ ಅದರಲ್ಲಿದೆ. ಡಾಕ್ಟರ ಚೀಟಿ ಬೇಕಿಲ್ಲ, ನೀವೇ ಫೋನ್ ಮಾಡಬಹುದು. ನಿಮ್ಮೂರಿನ ಸೇವೆ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ 0300 123 1044 ಸಂಖ್ಯೆಗೆ ಕರೆ ಮಾಡಿ. ಸ್ಥಳೀಯ ಸೇವೆಯ ಸಲಹೆಗಾರರು ಕೆಲವು ವಾರಗಳ ಕಾಲ ವಾರಕ್ಕೊಮ್ಮೆ ಮಾತಾಡುತ್ತಾರೆ. ಒಂದು ಸಣ್ಣ ಯಂತ್ರಕ್ಕೆ ಉಸಿರು ಊದಿಸಿ ದೇಹದಲ್ಲಿನ ಕಾರ್ಬನ್ ಮಾನಾಕ್ಸೈಡ್ ಅಳೆಯುತ್ತಾರೆ. ಸೇದುವುದು ನಿಲ್ಲಿಸಿದ ಒಂದೆರಡು ದಿನದಲ್ಲೇ ಆ ಅಂಕಿ ಇಳಿಯುವುದನ್ನು ನೀವೇ ನೋಡುತ್ತೀರಿ. ಪ್ಯಾಚು, ಗಮ್ ಹಲವು ಕಡೆ ಉಚಿತ, ಕೆಲವು ಕಡೆ ಔಷಧಿ ಚೀಟಿಯ ಶುಲ್ಕವಷ್ಟೇ.

ದಿನಕ್ಕೆ ಹದಿನೈದು ಸೇದುವ, ಎದ್ದ ಅರ್ಧ ಗಂಟೆಯೊಳಗೆ ಮೊದಲನೆಯದನ್ನು ಹಚ್ಚುವ ಒಬ್ಬರನ್ನು ತೆಗೆದುಕೊಳ್ಳಿ. ಇವರಿಗೆ ಬರೀ ಮನೋಬಲ ಸಾಲದು. ಸಾಮಾನ್ಯವಾಗಿ ಬೆಳಿಗ್ಗೆ 21 ಮಿಲಿಗ್ರಾಂ ಪ್ಯಾಚು ಅಂಟಿಸಿಕೊಂಡು ಆರು ವಾರ, ಆಮೇಲೆ 14ರದ್ದು ಎರಡು ವಾರ, 7ರದ್ದು ಎರಡು ವಾರ. ಪ್ಯಾಚು ದಿನವಿಡೀ ಸಮನಾಗಿ ನಿಕೋಟಿನ್ ಕೊಡುತ್ತದೆ. ಊಟವಾದ ಮೇಲೆ, ಬಸ್ಸಿಗೆ ಕಾಯುವಾಗ ಒಮ್ಮೆಲೇ ಏಳುವ ಚಪಲವನ್ನು ಅದೊಂದೇ ತಡೆಯಲಾರದು, ಅದಕ್ಕೆ 4 ಮಿಲಿಗ್ರಾಂ ಗಮ್ ಜೊತೆಗಿರಲಿ. ಎರಡನ್ನೂ ಒಟ್ಟಿಗೆ ಬಳಸಿದವರು, ಒಂದನ್ನೇ ಬಳಸಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಿಟ್ಟಿದ್ದಾರೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಸಲಹೆಗಾರರನ್ನು ಕೇಳಿಯೇ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು.

ಸೋಲುವುದು ಹೆಚ್ಚಾಗಿ ಬಳಸುವ ರೀತಿಯಲ್ಲಿ. ಗಮ್ಮನ್ನು ಬಬಲ್‌ಗಮ್ಮಿನಂತೆ ಒಂದೇ ಸಮನೆ ಅಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. "ನನಗೆ ಒಗ್ಗಲ್ಲ" ಎಂದು ಎಸೆಯುವವರು ಇವರೇ. ಖಾರದ ರುಚಿ ಬರುವ ತನಕ ನಿಧಾನವಾಗಿ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿಡಿ. ರುಚಿ ಇಳಿದಾಗ ಮತ್ತೆ ಅಗಿಯಿರಿ. ಗಮ್ ಬಾಯಿಗೆ ಹಾಕುವ ಕಾಲು ಗಂಟೆ ಮೊದಲು ಕಾಫಿ, ಜ್ಯೂಸ್ ಬೇಡ, ಅವು ನಿಕೋಟಿನ್ ಹೀರುವುದನ್ನು ತಡೆಯುತ್ತವೆ. ರಾತ್ರಿ ಕನಸು ಕಾಡಿದರೆ ಮಲಗುವಾಗ ಪ್ಯಾಚು ತೆಗೆಯಿರಿ. ದಿನವಿಡೀ ಚಪಲ, ಸಿಡಿಮಿಡಿ ಇದ್ದರೆ ಪ್ರಮಾಣ ಕಡಿಮೆಯಾಗಿದೆಯೆಂದು ಅನುಮಾನಿಸಿ. ವಾಕರಿಕೆ, ಎದೆಬಡಿತ ಬಂದರೆ ಹೆಚ್ಚಾಗಿರಬಹುದು, ಸಲಹೆಗಾರರಿಗೆ ಹೇಳಿ. ಎರಡನೇ ವಾರದಲ್ಲಿ ಹಗುರಾಯಿತೆಂದು ಪ್ಯಾಚು ನಿಲ್ಲಿಸಬೇಡಿ, ಹಗುರಾದದ್ದು ಅದರಿಂದಲೇ. ಕಾಫಿಯನ್ನೂ ಕಡಿಮೆ ಮಾಡಿ. ಹೊಗೆಯಲ್ಲಿನ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದು ನಿಂತ ಮೇಲೆ ಅದೇ ನಾಲ್ಕು ಲೋಟ ಕಾಫಿ ಕೈ ನಡುಗಿಸಿ, ನಿದ್ದೆ ಕೆಡಿಸಬಲ್ಲದು.

ಇಲ್ಲಿ ಬಿಡಲು ವೇಪ್ ಕೂಡ ಸೂಚಿಸುತ್ತಾರೆ. ಆದರೆ 2019ರಿಂದ ಭಾರತದಲ್ಲಿ ಇ-ಸಿಗರೇಟಿಗೆ ನಿಷೇಧವಿದೆ, ಊರಿಗೆ ಹೋಗುವಾಗ ಒಯ್ಯುವಂತಿಲ್ಲ. ವೇಪಿನ ನೆರವಿನಿಂದ ಬಿಟ್ಟವರು ರಜೆಯಲ್ಲಿ ಮತ್ತೆ ಸಿಗರೇಟಿಗೆ ಮರಳದಂತೆ ಪ್ಯಾಚು, ಗಮ್ಮಿನ ಸಿದ್ಧತೆಯಿಂದ ಹೊರಡಿ. ಊರಲ್ಲಿದ್ದಾಗ 1800-11-2356 ರಾಷ್ಟ್ರೀಯ ಸಹಾಯವಾಣಿ ಇದೆ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಕೇಂದ್ರಗಳಲ್ಲೊಂದು.

ಇನ್ನು ಜೊತೆಯಲ್ಲಿ ಮನೆ ಹಂಚಿಕೊಂಡಿರುವವರೇ, ನಿಮಗೊಂದು ಮಾತು. ಗೆಳೆಯ ಬಿಡುತ್ತಿರುವಾಗ "ಒಂದೇ ಒಂದು, ಏನಾಗಲ್ಲ" ಎಂದು ಕೈಗೆ ಕೊಡುವುದು ಸ್ನೇಹವಲ್ಲ. ನಿಮ್ಮ ಲೈಟರು ಮೇಜಿನ ಮೇಲಿರುವುದು ಬೇಡ, ಮೊದಲ ಮೂರು ವಾರ ಅವನ ಎದುರು ಸೇದಲೇಬೇಡಿ. ಚಪಲ ಏಳುವ ಆ ಕೆಲವು ನಿಮಿಷ ಅವನ ಜೊತೆ ಕೂತು ಮಾತಾಡಿ, ಬೀದಿಯ ತುದಿಯವರೆಗೆ ನಡೆದು ಬನ್ನಿ. ಸಾವಿರಾರು ಮೈಲಿ ದೂರದ ಅಕ್ಕ, ತಾಯಿ ಮಾಡಲಾಗದ್ದನ್ನು ಮಾಡಬಲ್ಲವರು ನೀವೇ.

ಬಿಡುವವರೇ, ಮನೆಯಲ್ಲಿ ಒಬ್ಬರಿಗಾದರೂ ನಿಜ ಹೇಳಿ. ಪ್ಯಾಕೆಟ್ಟು ಮುಗಿದ ಮೇಲೆ, ಹೊಸ ವರ್ಷದ ಮೇಲೆ ಎನ್ನಬೇಡಿ. ಈ ವಾರದಲ್ಲೇ ಒಂದು ದಿನ ಗೊತ್ತುಮಾಡಿ, ಇಂದೇ ಫೋನ್ ಮಾಡಿ.