ಐವತ್ತು ಅಂದರೆ ಐವತ್ತೇ ಆಗಿರಬೇಕು

ಐದು ನಿಮಿಷದಲ್ಲಿ ಆಟೊ ಬರದಿದ್ದರೆ ಐವತ್ತು ರೂಪಾಯಿ ಕೊಡುತ್ತೇವೆ ಎಂಬ ರಾಪಿಡೊ ಜಾಹೀರಾತು ಸುಮಾರು ಒಂದೂವರೆ ವರ್ಷ ಓಡಿತು. 120ಕ್ಕೂ ಹೆಚ್ಚು ಊರುಗಳಲ್ಲಿ, ಹಲವು ಭಾಷೆಗಳಲ್ಲಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಬೆಂಗಳೂರಿನ ಕಂಪನಿಗೆ ಹತ್ತು ಲಕ್ಷ ರೂಪಾಯಿ ದಂಡ ಹಾಕಿದಾಗ ಒಳಗಿನ ಷರತ್ತುಗಳೆಲ್ಲ ಹೊರಬಿದ್ದವು. ಐವತ್ತು ಎಂದರೆ ಐವತ್ತಲ್ಲ, ‘ಐವತ್ತರವರೆಗೆ’. ಅದೂ ದುಡ್ಡಲ್ಲ, ಆ್ಯಪ್‌ನ ಕಾಯಿನ್. ಆಟೊ ಸಿಗದವನಿಗೆ ಕೊಟ್ಟ ಕಾಯಿನ್ ಬೈಕ್ ಸವಾರಿಗಷ್ಟೇ ನಡೆಯುತ್ತಿತ್ತು. ಏಳು ದಿನ ಕಳೆದರೆ ಅದೂ ಇಲ್ಲ.

ದಂಡ ಸರಿಯಾಗಿಯೇ ಬಿತ್ತು. ಆದರೆ ಇದನ್ನು ಒಂದು ಕಂಪನಿಯ ತಪ್ಪೆಂದು ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಕೂಪನ್ ಮತ್ತು ರೆಫರಲ್ ಸಂದೇಶಗಳನ್ನು ಕಳಿಸುವ ಮೊದಲು ತಿದ್ದಿಕೊಡುವುದು ನನ್ನ ಕೆಲಸ. ನನ್ನ ಮೇಜಿಗೆ ಬರುವ ಕರಡುಗಳಲ್ಲಿ ಬಹುಪಾಲಿನ ಹೆಣಿಗೆ ಇದೇ: ಮೊದಲು ಸಂಭ್ರಮ, ಆಮೇಲೆ ಲಿಂಕ್, ಲಿಂಕಿನಾಚೆ ಷರತ್ತು.

ಒಂದು ಮಾದರಿ ನೋಡಿ. ‘ಗೆಳೆಯರನ್ನು ಕರೆತನ್ನಿ, ₹500 ಗೆಲ್ಲಿ! ಬೇಗ ಮಾಡಿ!’ ಷರತ್ತಿನ ಪುಟ ತೆರೆದರೆ ಬೇರೆಯೇ ಲೆಕ್ಕ. ಗೆಳೆಯ ಹಿಂದೆಂದೂ ಆ ಆ್ಯಪ್‌ನಲ್ಲಿ ಆರ್ಡರ್ ಮಾಡಿರಬಾರದು. ಅವನ ಮೊದಲ ಆರ್ಡರ್ ₹299ಕ್ಕೆ ಕಡಿಮೆಯಿರಬಾರದು. ಕರೆತಂದವರಿಗೆ ಸಿಗುವ ₹500, ನೂರರ ಐದು ಕೂಪನ್‌ಗಳು. ಒಂದು ಆರ್ಡರ್‌ಗೆ ಒಂದೇ ಕೂಪನ್, ಆರ್ಡರ್ ಕನಿಷ್ಠ ₹499, ಅವಧಿ ಮೂವತ್ತು ದಿನ. ಅಂದರೆ ‘ಗೆದ್ದ’ ಐನೂರನ್ನು ಪೂರ್ತಿ ಕಾಣಬೇಕಾದರೆ ತಿಂಗಳೊಳಗೆ ಐದು ಸಲ ಸೇರಿ ₹2,495ರ ಸಾಮಾನು ತರಿಸಿ, ₹1,995 ಕೈಯಿಂದ ಕೊಡಬೇಕು. ತಿಂಗಳಿಗೆ ಎರಡೇ ಸಲ ತರಿಸುವ ಮನೆಗೆ ಈ ಬಹುಮಾನದ ಬೆಲೆ ₹200. ಷರತ್ತುಗಳಲ್ಲಿ ಯಾವುದೂ ಅನ್ಯಾಯದ್ದಲ್ಲ. ವ್ಯಾಪಾರಿ ಮಿತಿ ಹಾಕಿಕೊಳ್ಳಲಿ. ಆದರೆ ₹200 ಸಿಗುವ ಮನೆಗೆ ₹500 ಎಂದು ಹೇಳಿ, ನಿಜ ತಿಳಿಯುವ ಹೊಣೆಯನ್ನೂ ಆ ಮನೆಯ ಮೇಲೆಯೇ ಹೊರಿಸುವುದು ಮೋಸ.

‘ಮೂವತ್ತು ದಿನ’ ಎಂಬ ಮಾತಿನಲ್ಲೂ ಒಂದು ಗುಂಡಿಯಿದೆ. ಎಂದಿನಿಂದ ಎಣಿಸಬೇಕು? ಗೆಳೆಯ ಆ್ಯಪ್ ಹಾಕಿಕೊಂಡ ದಿನದಿಂದಲೋ, ಅವನ ಆರ್ಡರ್ ತಲುಪಿದ ದಿನದಿಂದಲೋ, ಕೂಪನ್ ಖಾತೆಗೆ ಬಂದ ದಿನದಿಂದಲೋ? ಆರ್ಡರ್ ತಲುಪಿ ವಾರ ಕಳೆದ ಮೇಲೆ ಕೂಪನ್ ಬಂದು, ಎಣಿಕೆ ಮಾತ್ರ ಆ್ಯಪ್ ಹಾಕಿದ ದಿನದಿಂದಲೇ ಶುರುವಾಗಿದ್ದರೆ ಕೈಯಲ್ಲಿ ಉಳಿಯುವುದು ಮೂರೇ ವಾರ. ಆದ್ದರಿಂದ ನಾನು ದಿನಗಳ ಲೆಕ್ಕ ಹೊಡೆದುಹಾಕಿ ತಾರೀಖು ಬರೆಯಿಸುತ್ತೇನೆ.

ಷರತ್ತನ್ನು ಸಂದೇಶದಲ್ಲೇ ಬರೆಯಿರಿ ಎಂದರೆ ಮಾರ್ಕೆಟಿಂಗ್‌ನವರು ಕೊಡುವ ಉತ್ತರ, ‘ಜಾಗವಿಲ್ಲ’. ಎಸ್ಸೆಮ್ಮೆಸ್‌ನಲ್ಲಿ ಜಾಗ ಇಕ್ಕಟ್ಟು ನಿಜ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ಕನ್ನಡದಲ್ಲಿ 70, ಅದರಲ್ಲೂ ಗುಣಿತ, ಒತ್ತುಗಳಿಗೆಲ್ಲ ಬೇರೆ ಎಣಿಕೆ. ಆದರೆ ಇಂಗ್ಲಿಷ್ ಸಂದೇಶಕ್ಕೆ ಒಂದೇ ಒಂದು ಪಟಾಕಿಯ ಎಮೋಜಿ ಸೇರಿಸಿದರೂ 160 ಇದ್ದದ್ದು 70ಕ್ಕೆ ಇಳಿಯುತ್ತದೆ. ಷರತ್ತಿಗಿದ್ದ ಜಾಗವನ್ನು ಸಂಭ್ರಮವೇ ನುಂಗಿ, ಆಮೇಲೆ ಜಾಗವಿಲ್ಲ ಎನ್ನುತ್ತದೆ. ಮೇಲಿನ ಮಾದರಿಯನ್ನು ನಾನು ತಿದ್ದಿದರೆ ಹೀಗಾಗುತ್ತದೆ: ‘ನಿಮ್ಮ ಗೆಳೆಯ ಜೂನ್ 30ರೊಳಗೆ ಕನಿಷ್ಠ ₹299ರ ಮೊದಲ ಆರ್ಡರ್ ಮಾಡಿದರೆ ನಿಮಗೆ ₹100ರ 5 ಕೂಪನ್. ಕನಿಷ್ಠ ₹499ರ ಆರ್ಡರ್‌ಗೆ ಒಂದೊಂದು. ಜುಲೈ 31 ಕೊನೆ ದಿನ. ಇಂದೇ ಕರೆಯಿರಿ!’ ಇದು ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಯುವುದಿಲ್ಲ, ಖರ್ಚು ಹೆಚ್ಚುತ್ತದೆ. ಆ ಖರ್ಚು ಕಂಪನಿಯದೇ ಆಗಿರಲಿ.

ಎರಡನೆಯ ಆಕ್ಷೇಪ, ಇಷ್ಟೆಲ್ಲ ಮೊದಲೇ ಹೇಳಿದರೆ ಯಾರೂ ಒತ್ತುವುದಿಲ್ಲ ಎಂಬುದು. ಒತ್ತದೆ ಹೋಗುವವರು ಯಾರು? ಆ ಕೊಡುಗೆ ದಕ್ಕದವರು, ಇಲ್ಲವೇ ಬೇಡವಾದವರು. ಅವರ ಕ್ಲಿಕ್ಕು ಇವತ್ತು ವರದಿಯಲ್ಲಿ ಗೆಲುವಾಗಿ ಕಾಣುತ್ತದೆ. ಮುಂದಿನ ತಿಂಗಳು ಗ್ರಾಹಕ ಸಹಾಯವಾಣಿ 1915ಕ್ಕೆ ದೂರಾಗಿ ಹೋಗುತ್ತದೆ.

ಕಾನೂನು ಈಗಾಗಲೇ ಅರ್ಧ ದಾರಿ ಬಂದಿದೆ. ದಾರಿತಪ್ಪಿಸುವ ಜಾಹೀರಾತು ತಡೆಯುವ 2022ರ ಮಾರ್ಗಸೂಚಿ, ಸೂಚನೆಯು ಜಾಹೀರಾತಿನ ಭಾಷೆಯಲ್ಲೇ ಇರಬೇಕು, ಮುಖ್ಯ ಸಂಗತಿಯನ್ನು ಮುಚ್ಚಿಡಬಾರದು ಎನ್ನುತ್ತದೆ. ಹಾಗಿದ್ದೂ ಕನ್ನಡದಲ್ಲಿ ಕೂಗಿ ಕರೆದು, ಷರತ್ತನ್ನು ಇಂಗ್ಲಿಷಿನ ಉದ್ದ ಪುಟದಲ್ಲಿ ಇಡುವ ಸಂದೇಶಗಳು ಬರುತ್ತಲೇ ಇವೆ. ಕೊಡುಗೆಯ ಸಂದೇಶದಲ್ಲಿ ಯಾರಿಗೆ, ಎಷ್ಟರವರೆಗೆ, ಯಾವ ದಿನದವರೆಗೆ ಎಂಬ ಮೂರು ಸಂಗತಿಗಳು ಮೊತ್ತಕ್ಕಿಂತ ಮೊದಲು ಅಥವಾ ಅದೇ ವಾಕ್ಯದಲ್ಲಿ ಬರಬೇಕೆಂದು ಪ್ರಾಧಿಕಾರ ಬಿಡಿಸಿ ಬರೆಯಲಿ.

ರೆಫರಲ್ ವಿಷಯದಲ್ಲಿ ಇದು ಇನ್ನೂ ಜರೂರು. ಅಲ್ಲಿ ಸಂದೇಶ ಕಳಿಸುವುದು ಕಂಪನಿಯಲ್ಲ, ಅಕ್ಕ ತಂಗಿಗೆ, ಅಳಿಯ ಮಾವನಿಗೆ ಕಳಿಸುತ್ತಾರೆ. ಮಾವ ಹೊಸ ಆ್ಯಪ್ ಹಾಕಿಕೊಂಡು, ₹280ರ ಆರ್ಡರ್ ಮಾಡಿ, ‘ನಿನ್ನ ಐನೂರು ಬಂತೇನಪ್ಪಾ?’ ಎಂದು ಫೋನು ಮಾಡುವುದು ಅಳಿಯನಿಗೆ. ಹತ್ತೊಂಬತ್ತು ರೂಪಾಯಿ ಕಡಿಮೆಯಾಯಿತೆಂದು ಆಗ ವಿವರಿಸಬೇಕಾದವನೂ ಅವನೇ.