ಮೀಸಿ ಇರಲಿ, ಸಾಲ ಮುಚ್ಚಿಡೋ ಹಠ ಬ್ಯಾಡ

ಮೊಬೈಲಿನಲ್ಲಿ ಈಗ ‘ಟಾಕ್ಸಿಕ್ ಮ್ಯಾಸ್ಕುಲಿನಿಟಿ’ ಅನ್ನುವ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಕೆಲವರು ಇದನ್ನು ‘ವಿಷಕಾರಿ ಗಂಡಸುತನ’ ಅಂತ ಬರೆಯುತ್ತಾರೆ. ಓದಿದ ಕೂಡಲೇ ನಮ್ಮ ಕಡೆ ಕಟ್ಟೆ ಮೇಲೆ ಕೂತವರು ಕೇಳುವ ಮೊದಲ ಪ್ರಶ್ನೆ: “ಹಂಗಾರ ಗಂಡಸಾಗಿ ಹುಟ್ಟಿದ್ದ ತಪ್ಪೇನ?”

ಅಲ್ಲ. ಈ ಮಾತನ್ನು ಮೊದಲು ಬಳಕೆಗೆ ತಂದವರು ಗಂಡಸರೇ. 1980–90ರ ದಶಕದಲ್ಲಿ ಅಮೆರಿಕದಲ್ಲಿ ಗಂಡಸರ ಬದುಕು ಸುಧಾರಿಸಬೇಕು ಅಂತ ಸೇರುತ್ತಿದ್ದ ಗುಂಪುಗಳಲ್ಲಿ ಇದು ಹುಟ್ಟಿತು. ಗಂಡಸಿಗೂ ಅವನ ಮನೆಯವರಿಗೂ ಪೆಟ್ಟು ಕೊಡುವ ಕೆಲವು ಕಟ್ಟುಪಾಡುಗಳಿಗೆ ಅವರಿಟ್ಟ ಹೆಸರು ಅದು. ಮಾವಿನಹಣ್ಣು ಕೊಳೆತಿದೆ ಅಂದರೆ ಎಲ್ಲಾ ಮಾವು ಕೊಳೆತಿದೆ ಅಂತ ಅರ್ಥವಲ್ಲವಲ್ಲ, ಹಾಗೆ.

ಹಾಗಾದರೆ ಒಳ್ಳೆಯದು ಯಾವುದು, ಕೊಳೆತದ್ದು ಯಾವುದು? ನಿಡೋಣಿ, ಬಬಲೇಶ್ವರ, ತಿಕೋಟಾ ಸುತ್ತಲಿನ ನಮ್ಮ ಬದುಕಿನಲ್ಲೇ ಎರಡನ್ನೂ ನೋಡಬಹುದು.

ಒಳ್ಳೆಯದಕ್ಕೆ ಗರಡಿ ಮನೆ ಸಾಕು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನನ್ನು, ಕುಸ್ತಿ ಕಣಕ್ಕೆ ಇಳಿಯುವ ಪೈಲ್ವಾನನನ್ನು ನೋಡಿ ಊರಿಗೆ ಊರೇ ಹಿಗ್ಗುತ್ತದೆ. ಆ ಹಿಗ್ಗಿನಲ್ಲಿ ತಪ್ಪೇನೂ ಇಲ್ಲ. ಆ ಮೈಕಟ್ಟಿನ ಹಿಂದೆ ವರ್ಷಗಳ ಬೆವರಿದೆ, ಊಟ ನಿದ್ದೆಯ ಶಿಸ್ತಿದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಪೈಲ್ವಾನ ಮಣ್ಣು ಮುಟ್ಟಿ ನಮಸ್ಕರಿಸಿ, ಎದುರಾಳಿಗೆ ಕೈ ಕೊಟ್ಟು ಕುಸ್ತಿ ಶುರು ಮಾಡುತ್ತಾನೆ. ಸಾವಿರ ಮಂದಿ ಎದುರು ಬೆನ್ನು ಮಣ್ಣಿಗೆ ಹತ್ತಿದರೆ ಎದ್ದು ಮೈ ಕೊಡವಿಕೊಂಡು ವಸ್ತಾದರ ಹತ್ತಿರ ಹೋಗಿ “ಎಲ್ಲಿ ತಪ್ಪಿದೆ ಹೇಳ್ರಿ” ಅಂತ ಕೇಳುತ್ತಾನೆ. ಹಾಗೆ ಕೇಳಿದ್ದಕ್ಕೆ ಅವನನ್ನು ಹೆಂಗಸು ಅಂತ ಯಾರೂ ಆಡಿಕೊಳ್ಳುವುದಿಲ್ಲ. ಸೋಲು ಒಪ್ಪಿಕೊಳ್ಳುವುದು, ಬಲ್ಲವರನ್ನು ಕೇಳುವುದು ಗರಡಿಯಲ್ಲಿ ಗಂಡಸುತನದ ಭಾಗವೇ ಆಗಿದೆ.

ಅದೇ ಗಂಡಸು ಮನೆಗೆ ಬಂದು ಸಾಲದ ವಿಷಯಕ್ಕೆ ಕೂತಾಗ ನಿಯಮ ಬದಲಾಗುತ್ತದೆ. ಅಲ್ಲಿ ಸೋತೆ ಅನ್ನಬಾರದು, ಯಾರನ್ನೂ ಕೇಳಬಾರದು. ಕೊಳೆ ಶುರುವಾಗುವುದು ಇಲ್ಲಿ.

ಒಬ್ಬ ದ್ರಾಕ್ಷಿ ರೈತನ ಲೆಕ್ಕ ಹಾಕೋಣ. ಇವನು ಯಾವ ಊರಿನ ಒಬ್ಬನೂ ಅಲ್ಲ, ನಾವು ಉದಾಹರಣೆಗೆ ಕಟ್ಟಿಕೊಂಡ ರೈತ. ಎರಡು ಎಕರೆ ಪಡ ಇದೆ. ಸೊಸೈಟಿಯಲ್ಲಿ ಬೆಳೆ ಸಾಲ ಇದೆ. ಬೇಸಿಗೆಯಲ್ಲಿ ಬೋರ್ ಕೈಕೊಟ್ಟಿತು. ಟ್ಯಾಂಕರ್ ನೀರು ಹಾಕಿ ಪಡ ಉಳಿಸಿಕೊಳ್ಳಲು ಖಾಸಗಿಯವರಲ್ಲಿ ನೂರಕ್ಕೆ ಮೂರರ ಬಡ್ಡಿಗೆ 2 ಲಕ್ಷ ತಂದ. ಕೇಳಲು ಮೂರೇ ರೂಪಾಯಿ. ಆದರೆ ತಿಂಗಳಿಗೆ 6,000, ವರ್ಷಕ್ಕೆ 72,000 ಬಡ್ಡಿ. ಇದನ್ನು ಹೆಂಡತಿಗೆ ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ.

ಆ ವರ್ಷ ಮಣೂಕಿನ ದರ ಬಿತ್ತು. ದರ ಏರಲಿ ಅಂತ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟ. ಅಷ್ಟರಲ್ಲಿ ಸೊಸೈಟಿ ಸಾಲದ ಗಡುವು ಬಂತು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿ ಸೊನ್ನೆ. 2023ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಗಡುವಿನೊಳಗೆ ತುಂಬಿದವರಿಗೆ ಮಾತ್ರ ಸೊನ್ನೆ. ಗಡುವು ಮೀರಿದರೆ ಆ ಸವಲತ್ತು ತಪ್ಪಿ ಬಡ್ಡಿ ಬೀಳುತ್ತದೆ.

ಹೆಂಡತಿ ಕೇಳಿದಳು: “ಅಲ್ರೀ, ಸೊಸೈಟಿ ಸಾಲ ತುಂಬೂದು ಏನಾತು?”

“ಹೆಣ್ಣಮಕ್ಕಳಿಗ್ಯಾಕ ಬೇಕು ಈ ಯವ್ವಾರ?” ಅಂದ.

ನಷ್ಟ ಆದದ್ದು ಈ ಒಂದು ಮಾತಿನಲ್ಲಿ. ಮಳೆ ಕೈಕೊಟ್ಟದ್ದು, ದರ ಬಿದ್ದದ್ದು ಅವನ ತಪ್ಪಲ್ಲ. ಆದರೆ ಅವತ್ತೇ ಬಾಯಿ ಬಿಟ್ಟಿದ್ದರೆ ಇಬ್ಬರೂ ಕೂತು ಲೆಕ್ಕ ಹಾಕಬಹುದಿತ್ತು. ಸ್ಟೋರೇಜಿನಲ್ಲಿದ್ದ ಮಾಲಿನಲ್ಲಿ ಸ್ವಲ್ಪ ಮಾರಿ ಸೊಸೈಟಿ ಗಡುವು ಉಳಿಸಿಕೊಳ್ಳಬಹುದಿತ್ತು. ಹೆಂಡತಿಯ ಸಂಘದಿಂದ ಕಡಿಮೆ ಬಡ್ಡಿಗೆ ಹಣ ತೆಗೆದು ಖಾಸಗಿ ಸಾಲದ ಅರ್ಧ ತೀರಿಸಬಹುದಿತ್ತು. ಮುಚ್ಚಿಟ್ಟಿದ್ದರಿಂದ ಎರಡು ವರ್ಷಕ್ಕೆ ಬಡ್ಡಿಯೇ 1,44,000 ಆಯಿತು. ಅಸಲು 2 ಲಕ್ಷ ಹಾಗೇ ನಿಂತಿತು. ಮೇಲೆ ಮಗಳ ಮದುವೆ ಬಂತು. ಸಣ್ಣದಾಗಿ ಮಾಡಿದರೆ ಮಂದಿ ಏನಂತಾರ ಅಂತ ಇನ್ನೊಂದು ಸಾಲ ತಂದ. ಕೊನೆಗೆ ಹೆಂಡತಿ ಮತ್ತೆ ಮತ್ತೆ ಕೇಳಿದಾಗ ಕೈ ಎತ್ತಿದ. ಹೊಲದಲ್ಲಿ ಹುಟ್ಟಿದ ಸಂಕಟದ ಏಟು ಬಿದ್ದದ್ದು ಅವಳ ಮೈ ಮೇಲೆ.

ಮನೆ ಸಾಕಬೇಕು ಅನ್ನುವ ಅವನ ಛಲ ಒಳ್ಳೆಯದೇ. ಆ ಛಲಕ್ಕೇ ಅವನು ನಸುಕಿನಲ್ಲಿ ಎದ್ದು ಪಡಕ್ಕೆ ಹೋಗುತ್ತಿದ್ದ. ‘ನನಗೆ ಕಷ್ಟ ಅಂತ ಯಾರಿಗೂ ಗೊತ್ತಾಗಬಾರದು’ ಅನ್ನುವ ಷರತ್ತು ಮಾತ್ರ ವಿಷ. ಮೊದಲನೆಯದು ಮನೆಯನ್ನು ನೋಡುತ್ತದೆ, ಎರಡನೆಯದು ಮಂದಿಯ ಕಣ್ಣನ್ನು ನೋಡುತ್ತದೆ.

ಇದು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಸರ್ಕಾರಿ ಲೆಕ್ಕವಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 5,207 ರೈತರು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 4,999 ಜನ ಗಂಡಸರು. ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಹೊಲ ಹೆಚ್ಚಾಗಿ ಗಂಡಸರ ಹೆಸರಿನಲ್ಲೇ ಇರುವುದರಿಂದ ದುಡಿಯುವ ಹೆಣ್ಣುಮಗಳು ‘ರೈತ’ ಅಂತ ಎಣಿಕೆಗೆ ಬರುವುದೇ ಕಡಿಮೆ. ಇಂಥ ಸಾವಿಗೆ ಕಾರಣವೂ ಒಂದೇ ಇರುವುದಿಲ್ಲ. ನೀರು, ದರ, ಸಾಲ, ಕುಡಿತ, ಕಾಯಿಲೆ ಎಲ್ಲಾ ಸೇರಿರುತ್ತವೆ. ಗಂಡಸುತನದ ಹೆಸರು ಹೇಳಿ ಸರ್ಕಾರ, ಮಾರುಕಟ್ಟೆ ಜಾರಿಕೊಳ್ಳುವುದನ್ನೂ ನಾವು ಒಪ್ಪುವುದಿಲ್ಲ. ಆದರೆ ಸಾಲ ಒಬ್ಬನ ಎದೆಯೊಳಗೇ ಉಳಿದರೆ ಉಳಿದ ದಾರಿಗಳು ಅವನಿಗೆ ಕಾಣುವುದಿಲ್ಲ. ಬೇರೆಯವರಿಗೆ ಕಾಣುತ್ತವೆ, ಅವರಿಗೆ ವಿಷಯ ಗೊತ್ತಿದ್ದರೆ.

ಮುಚ್ಚಿಟ್ಟವನನ್ನು ಗುರುತಿಸುವುದು ಹೇಗೆ? ಫೋನ್ ಬಂದರೆ ಎದ್ದು ದೂರ ಹೋಗುತ್ತಾನೆ, ಇಲ್ಲವೇ ಎತ್ತುವುದೇ ಇಲ್ಲ. ಕಟ್ಟೆಗೆ, ಲಗ್ನಕ್ಕೆ ಬರುವುದು ಬಿಡುತ್ತಾನೆ. ರಾತ್ರಿ ನಿದ್ದೆ ಇರುವುದಿಲ್ಲ. ಸಣ್ಣ ಮಾತಿಗೆ ಮನೆಯಲ್ಲಿ ಹಾರಾಡುತ್ತಾನೆ. ಕುಡಿತ ಹೆಚ್ಚುತ್ತದೆ. ‘ನಾ ಇಲ್ಲಾಂದ್ರ ನಿಮಗ ಆರಾಮ’ ಅನ್ನುವಂಥ ಮಾತು ಬಂದರೆ ಅದನ್ನು ನಗೆಯಲ್ಲಿ ತೇಲಿಸಬಾರದು, ಆ ರಾತ್ರಿ ಅವನನ್ನು ಒಬ್ಬನೇ ಬಿಡಬಾರದು.

ಇಂಥವನಿಗೆ “ಗಂಡಸಾಗಿ ಹಿಂಗ ಕುಂತ್ರ ಹೆಂಗಲೇ” ಅನ್ನುವುದು ಧೈರ್ಯ ಹೇಳಿದ ಹಾಗಲ್ಲ, ಬಾಗಿಲು ಹಾಕಿದ ಹಾಗೆ. ಅದರ ಬದಲು “ಎಷ್ಟೈತಿ ಸಾಲ? ಯಾರ‍್ಯಾರ ಹತ್ರ? ಬಾ, ಬರಕೊಳ್ಳೂಣು” ಅನ್ನಬೇಕು. ಒಂದು ಹಾಳೆಯಲ್ಲಿ ಯಾರಿಗೆ, ಎಷ್ಟು ಅಸಲು, ಎಷ್ಟು ಬಡ್ಡಿ, ಗಡುವು ಯಾವಾಗ ಅಂತ ಬರೆದರೆ ಮೊದಲು ತೀರಿಸಬೇಕಾದ್ದು ಯಾವುದು ಅಂತ ತಾನೇ ಕಾಣುತ್ತದೆ. ಗಡುವು ದಾಟುವ ಮೊದಲೇ ಸೊಸೈಟಿ, ಬ್ಯಾಂಕಿಗೆ ಹೋಗಿ ಮಾತಾಡಬೇಕು. ಆ ಕೂಟದಲ್ಲಿ ಹೆಂಡತಿಯೂ ಕೂರಬೇಕು, ಯಾಕೆಂದರೆ ತೀರಿಸುವವರಲ್ಲಿ ಅವಳೂ ಒಬ್ಬಳು.

ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮೀಸಿ ತಿರುವುವವರು ತಿರುವಲಿ, ಕಲ್ಲು ಎತ್ತುವವರು ಎತ್ತಲಿ, ನಾವೂ ಸಿಳ್ಳೆ ಹೊಡೆಯುತ್ತೇವೆ. ಅಷ್ಟು ಭಾರ ಎತ್ತುವ ಗಂಡಸಿಗೆ “ನನಗ ಸಾಲ ಆಗೈತಿ” ಅನ್ನುವ ಮೂರು ಶಬ್ದ ಎತ್ತಲಾರದಷ್ಟು ಭಾರ ಆಗದಂತೆ ನೋಡಿಕೊಳ್ಳುವುದು ಅವನ ಮನೆಯವರ, ಗೆಳೆಯರ, ಕಟ್ಟೆಯವರ ಕೆಲಸ.