ಡೈರಿ ಬರೆದರೆ ಸಾಲದು, ಓದಬೇಕು

ತೋಟದ ಡೈರಿ ಬರೆಯುವವರು ನಮ್ಮಲ್ಲಿ ಇದ್ದಾರೆ. ವರ್ಷದ ಕೊನೆಗೆ ಓದುವವರು ಕಡಿಮೆ. ಡಿಸೆಂಬರಿನಲ್ಲಿ ನಾನು ಹುಡುಕುವುದು ಮೂರೇ ತಾರೀಕು: ಅಡಿಕೆಗೆ ಬೋರ್ಡೋ ಮೊದಲ ಸಲ ಬಿಟ್ಟದ್ದು, ಎರಡನೇ ಸಲ ಬಿಟ್ಟದ್ದು, ಕೊಳೆ ಕಾಯಿ ಬೀಳತೊಡಗಿದ್ದು. ಈ ಸಲ ಸಿಕ್ಕಿದ್ದು ಜೂನ್ 2, ಜುಲೈ 29, ಜುಲೈ 24.

ಮದ್ದಿನ ಅಂತರ 40-45 ದಿನ ಇರಬೇಕು. ಮಳೆ ಬಿಡದೆ 57 ಆಯಿತು. ಕೊಳೆ ಕಂಡದ್ದು 52ನೇ ದಿನ. ಮದ್ದೇ ಸರಿಯಿಲ್ಲ ಅನ್ನುವ ಮೊದಲು ಈ ಲೆಕ್ಕ ನೋಡಬೇಕಲ್ಲವೇ? ಬರುವ ವರ್ಷಕ್ಕೆ ನಾನು ಹಿಡಿದ ವಿಷಯ ಇದೊಂದೇ.

ಹೊಸ ಕ್ಯಾಲೆಂಡರಿಗೆ ಹಳೇ ತಾರೀಕು ಎತ್ತಿ ಬರೆದರೆ ಉಪಯೋಗವಿಲ್ಲ. ಮೊದಲ ಮದ್ದು ಮುಗಿದ ದಿನದಿಂದ ಎಣಿಸಿ 35ನೇ ದಿನಕ್ಕೆ ಗುರುತು ಹಾಕಿ. ಅಂದಿಗೆ ಮೈಲುತುತ್ತು, ಸುಣ್ಣ ಮನೆಯಲ್ಲಿರಬೇಕು, ಮರ ಹತ್ತುವವರಿಗೆ ಹೇಳಿಯಾಗಿರಬೇಕು. ಆಮೇಲೆ ಮಳೆ ಹೊಳವಾದ ದಿನವೇ ಮದ್ದು ಬಿಡಬಹುದು.

ನಿಮ್ಮ ಡೈರಿಯಲ್ಲಿ ಅಂತರ ಎಷ್ಟಿದೆ?